ಖಾಲಿ ಎಲ್ಲಿದೆ ಅಂತ ಅಂಗೈಗೆ ಗೊತ್ತಾಗುತ್ತದೆ

(ಕಲಬುರಗಿಯಲ್ಲಿ ಸಂಗೀತ ಮೇಷ್ಟ್ರುಗಳು ಮತ್ತು ಪಾಲಕರ ಮುಂದೆ ಆಡಿದ ಮಾತು ಇದು. ಅಲ್ಲಿ ತಬಲಾ ಬಾರಿಸಿ ತೋರಿಸಿದ ಕಡೆಯಲ್ಲಿ ಇಲ್ಲಿ ಬೋಲ್ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ವಿಷಯ ಹೇಳುತ್ತೇನೆ. ಕಿವಿ ಕಡಿಮೆ ಕೇಳುವ ಮಗು ನಿಮ್ಮ ಹತ್ತಿರ ಸಂಗೀತ ಕಲಿಯಲು ಬಂದರೆ ಹಾರ್ಮೋನಿಯಂ ಪಕ್ಕಕ್ಕಿಡಿ, ತಬಲಾ ಜೋಡಿಯಲ್ಲಿ ಎಡಗೈಯಿಂದ ಬಾರಿಸುವ ಡಗ್ಗಾದಿಂದ ಶುರು ಮಾಡಿ. ಯಾಕೆ ಅಂತ ಒಬ್ಬ ವಿದ್ಯಾರ್ಥಿನಿಯ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಹೆಸರು ಬೇಡ, 11 ವರ್ಷದ ಹುಡುಗಿ. ಎರಡೂ ಕಿವಿಗೆ ಮಷಿನ್ ಹಾಕುತ್ತಾಳೆ.

ಅವಳನ್ನು ಕರೆದುಕೊಂಡು ಬಂದ ಅವ್ವ ಮೊದಲು ಕೇಳಿದ್ದು ಇದು: "ಅಲ್ರೀ ಸರ್, ಆಕಿಗಿ ಕೇಳಂಗೇ ಇಲ್ಲ, ಸಂಗೀತ ಹ್ಯಾಂಗ್ ಕಲೀತಾಳ್ರೀ?" ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ಆಡಿಯೋಗ್ರಾಮ್ ಎಂಬ ಒಂದು ಹಾಳೆಯಲ್ಲಿ. ಕಿವಿ ಪರೀಕ್ಷೆ ಮಾಡಿದವರು ಅದನ್ನು ಕೊಟ್ಟಿರುತ್ತಾರೆ, ಮನೆಯವರು ಫೈಲಿನಲ್ಲಿ ಇಟ್ಟು ಮರೆತಿರುತ್ತಾರೆ. ಅದನ್ನು ತರಿಸಿಕೊಳ್ಳಿ. ಎಡದಿಂದ ಬಲಕ್ಕೆ ಹೋದ ಹಾಗೆ ಶ್ರುತಿ ಏರುತ್ತದೆ, 250 ಹರ್ಟ್ಜ್, 500, 1000, 2000, 4000 ಹೀಗೆ. ಮೇಲಿಂದ ಕೆಳಗೆ ಹೋದ ಹಾಗೆ ಎಷ್ಟು ಜೋರಾಗಿ ಇದ್ದರೆ ಕೇಳುತ್ತದೆ ಅನ್ನುವ ಡೆಸಿಬಲ್ ಲೆಕ್ಕ. ನಮ್ಮ ಹುಡುಗಿಯ ಬಲಗಿವಿಯಲ್ಲಿ 250ಕ್ಕೆ 40 ಡೆಸಿಬಲ್, 500ಕ್ಕೆ 50, 1000ಕ್ಕೆ 65, 2000ಕ್ಕೆ 80, 4000ಕ್ಕೆ 95. ಅಂದರೆ ಗೆರೆ ಬಲಕ್ಕೆ ಹೋದ ಹಾಗೆ ಇಳಿಯುತ್ತಾ ಹೋಗುತ್ತದೆ. ಕೆಳಗಿನ ಶ್ರುತಿ ಸ್ವಲ್ಪ ಉಳಿದಿದೆ, ಮೇಲಿನದು ಹೆಚ್ಚುಕಡಿಮೆ ಇಲ್ಲ.

ಈಗ ಇದನ್ನು ನಮ್ಮ ವಾದ್ಯಗಳಿಗೆ ಹಚ್ಚಿ ನೋಡಿ. ಭಜನೆಯಲ್ಲಿ ಮಕ್ಕಳಿಗೆ ಲಯ ತಿಳಿಯಲಿ ಅಂತ ನಾವು ಏನು ಕೊಡುತ್ತೇವೆ? ಕೈಯಲ್ಲಿ ತಾಳ ಕೊಡುತ್ತೇವೆ. ಆ ಕಂಚಿನ ತಾಳದ ಸದ್ದು ಪೂರಾ ಮೇಲಿನ ಶ್ರುತಿಯದು, ಈ ಹುಡುಗಿಗೆ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತತ್ವಪದದ ಮೇಳದಲ್ಲಿ ಕೂತರೆ ದಮ್ಮಡಿಯ ಗೆಜ್ಜೆ ಸದ್ದೂ ಅಷ್ಟೇ. ಆದರೆ ಡಗ್ಗಾ? ಅದರ ಗೂಂಜು 100 ಹರ್ಟ್ಜ್ ಆಸುಪಾಸು ಅಥವಾ ಅದಕ್ಕೂ ಕೆಳಗೆ. ಕಿವಿಗೂ ಅಷ್ಟಿಷ್ಟು ಸಿಗುತ್ತದೆ, ಕೈಗಂತೂ ಚೆನ್ನಾಗಿ ಸಿಗುತ್ತದೆ. ನಮ್ಮ ಚರ್ಮಕ್ಕೆ ಕಂಪನ ಚೆನ್ನಾಗಿ ತಿಳಿಯುವುದು 250 ಹರ್ಟ್ಜ್ ಸುತ್ತಮುತ್ತ. 1000 ದಾಟಿದರೆ ಬಹುತೇಕ ಏನೂ ತಿಳಿಯುವುದಿಲ್ಲ. ಹಾಗಾಗಿ ಡಗ್ಗಾ ಚರ್ಮದ ವ್ಯಾಪ್ತಿಯೊಳಗೆ ಬರುತ್ತದೆ, ತಾಳ ಬರುವುದಿಲ್ಲ.

ಇಲ್ಲೇ ಒಂದು ಮಿತಿ ಹೇಳಿಬಿಡುತ್ತೇನೆ, ಯಾಕಂದರೆ ಇದು ಗೊತ್ತಿಲ್ಲದೆ ತುಂಬಾ ಜನ ಮಕ್ಕಳ ಸಮಯ ಹಾಳು ಮಾಡುತ್ತಾರೆ. ಚರ್ಮಕ್ಕೆ ಲಯ ಚೆನ್ನಾಗಿ ತಿಳಿಯುತ್ತದೆ, ಸ್ವರ ತಿಳಿಯುವುದಿಲ್ಲ. ಸದ್ದು ಬಂತು, ನಿಂತಿತು, ಉದ್ದ, ಗಿಡ್ಡ, ಭಾರ, ಹಗುರ, ಇಷ್ಟು ಕೈಗೆ ಗೊತ್ತಾಗುತ್ತದೆ. ಷಡ್ಜ ಯಾವುದು, ರಿಷಭ ಯಾವುದು ಅಂತ ಹಾರ್ಮೋನಿಯಂ ಮೇಲೆ ಕೈ ಇಟ್ಟು ಹೇಳು ಅಂದರೆ ಚೆನ್ನಾಗಿ ಕಿವಿ ಕೇಳುವ ನೀವೂ ಹೇಳಲಾರಿರಿ, ಪ್ರಯತ್ನ ಮಾಡಿ ನೋಡಿ. ಸ್ವರಕ್ಕೆ ಉಳಿದಿರುವ ಕಿವಿ ಬೇಕು, ಕಣ್ಣಿನ ಸಹಾಯ ಬೇಕು. ಸ್ಕಾಟ್ಲೆಂಡಿನ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ 12ನೇ ವಯಸ್ಸಿಗೆ ಬಹುತೇಕ ಕಿವಿ ಕಳೆದುಕೊಂಡವರು. ಅವರ ಮೇಷ್ಟ್ರು ಅವರನ್ನು ಗೋಡೆಗೆ ಕೈ ಇಟ್ಟು ನಿಲ್ಲಿಸಿ ಟಿಂಪನಿ ಬಾರಿಸುತ್ತಿದ್ದರು. ಹಾಗೆ ಶ್ರುತಿಯ ವ್ಯತ್ಯಾಸವನ್ನೂ ಮೈಯಲ್ಲಿ ಗುರುತಿಸಲು ಅವರು ಕಲಿತರು. ಆದರೆ ಅದು ದೊಡ್ಡ ವಾದ್ಯದ ಕೆಳಗಿನ ಶ್ರುತಿ, ಮೇಲಾಗಿ ವರ್ಷಗಟ್ಟಲೆ ಸಾಧನೆ. ಮೊದಲ ತಿಂಗಳಲ್ಲಿ ಮಗುವಿನಿಂದ ಅದನ್ನು ಕೇಳಬೇಡಿ.

ಇನ್ನು ಕೋಣೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ನೆಲಕ್ಕೆ ಶಹಾಬಾದ್ ಕಲ್ಲು. ಬೇಸಿಗೆಗೆ ತಂಪು, ಆದರೆ ಈ ಕೆಲಸಕ್ಕೆ ಎರಡು ತೊಂದರೆ. ಮಣ್ಣಿನ ಮೇಲೆ ಕೂತ ಕಲ್ಲು ಅಲುಗುವುದಿಲ್ಲ, ಅದಕ್ಕೇ ಬರಿಗಾಲಲ್ಲಿ ನಿಂತರೂ ಕಾಲಿಗೆ ಏನೂ ಬರುವುದಿಲ್ಲ. ಮೇಲಾಗಿ ಕಲ್ಲು, ಗೋಡೆ ಎಲ್ಲ ಬೋಳು ಇದ್ದರೆ ಸದ್ದು ಕೋಣೆ ತುಂಬ ಸುತ್ತುತ್ತದೆ. ಮಷಿನ್ ಹಾಕಿದ ಕಿವಿಗೆ ಆ ಪ್ರತಿಧ್ವನಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಗೋಡೆಗೆ ಎರಡು ಹಳೆ ಕೌದಿ ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿ. ಕೂರಲು 4 ಅಡಿ ಉದ್ದ 3 ಅಡಿ ಅಗಲದ ದಪ್ಪ ಪ್ಲೈವುಡ್ ತಂದು, ಕೆಳಗೆ ಎರಡು ಮರದ ಪಟ್ಟಿ ಕೊಟ್ಟು ಎತ್ತರಿಸಿ. ಕೆಳಗೆ ಟೊಳ್ಳು ಇದ್ದರೇ ಹಲಗೆ ಅದುರುತ್ತದೆ. ಮಗು, ಡಗ್ಗಾ, ನೀವು ಮೂವರೂ ಆ ಹಲಗೆಯ ಮೇಲೆ.

ಇಷ್ಟು ಮಾಡಿಯೂ ಕಂಪನ ಬರುತ್ತಿಲ್ಲ ಅಂದರೆ ಸಿಂಬಿ ನೋಡಿ. ಡಗ್ಗಾದ ಕೆಳಗಿನ ಆ ದಪ್ಪ ಬಟ್ಟೆಯ ಸಿಂಬಿ ಇರುವುದೇ ಕಂಪನ ಹೀರಲು. ಡಗ್ಗಾ ಚೆನ್ನಾಗಿ ನುಡಿಯಲು ಅದು ಬೇಕು, ಆದರೆ ಹಲಗೆಗೆ ಏನನ್ನೂ ಬಿಡುವುದಿಲ್ಲ. ತೆಳು ಬಟ್ಟೆ ಸುತ್ತಿದ ಸಣ್ಣ ಸಿಂಬಿ ಹಾಕಿ. ಇನ್ನೂ ಒಳ್ಳೆಯದು ಅಂದರೆ ಮಗುವನ್ನು ಎದುರಿಗೆ ಕೂರಿಸಿಕೊಂಡು ಡಗ್ಗಾದ ಹೊಟ್ಟೆಗೆ, ಆ ಲೋಹದ ಭಾಗಕ್ಕೆ, ಅವಳ ಬೆರಳ ತುದಿ ಹಗುರವಾಗಿ ತಾಗಿಸುವುದು. ಒತ್ತಿ ಹಿಡಿದರೆ ಗೂಂಜು ಸತ್ತುಹೋಗುತ್ತದೆ. ಕಿವಿಯನ್ನು ವಾದ್ಯಕ್ಕೆ ಹಚ್ಚಲು ಮಾತ್ರ ಬಿಡಬೇಡಿ. ಮಷಿನ್ ಹತ್ತಿರ ಏನಾದರೂ ಅಡ್ಡ ಬಂದರೆ ಅದು ಕುಯ್ ಅಂತ ಸೀಟಿ ಹೊಡೆಯುತ್ತದೆ, ಮಗು ಗಾಬರಿಯಾಗುತ್ತದೆ.

ಪಾಠ ಶುರುವಾಗುವ ಮೊದಲು ಪ್ರತಿದಿನ ಒಂದು ನಿಮಿಷದ ಕೆಲಸ ಇದೆ. ಡೇನಿಯಲ್ ಲಿಂಗ್ ಅನ್ನುವವರು ರೂಪಿಸಿದ ಆರು ಸದ್ದಿನ ಪರೀಕ್ಷೆ. ಮಗುವಿನ ಹಿಂದೆ ನಿಂತು, ತುಟಿ ಕಾಣದ ಹಾಗೆ, ಮಾಮೂಲು ದನಿಯಲ್ಲಿ ಆ, ಊ, ಈ, ಮ್, ಶ್, ಸ್ ಅಂತ ಒಂದೊಂದಾಗಿ, ಕ್ರಮ ಬದಲಾಯಿಸುತ್ತಾ ಹೇಳುವುದು. ಕೇಳಿದರೆ ಮಗು ಕೈ ಎತ್ತುತ್ತದೆ. ಈ ಹುಡುಗಿಗೆ ಸ್ ಯಾವತ್ತೂ ಸಿಗುವುದಿಲ್ಲ, ಅದು ಅವಳ ಮಟ್ಟಿಗೆ ಮಾಮೂಲು. ಆದರೆ ದಿನಾ ಸಿಗುವ ಊ ಅಥವಾ ಮ್ ಒಂದು ದಿನ ಸಿಗಲಿಲ್ಲ ಅಂದರೆ ಮಗುವಿಗೆ ಗಮನ ಇಲ್ಲ ಅಂತ ಬೈಯಬೇಡಿ, ಮಷಿನ್ ನೋಡಿ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ನಡೆದು ಬಂದ ಮಗುವಿನ ಬೆವರು ಕಿವಿಯ ಅಚ್ಚಿನ ಸಣ್ಣ ಕೊಳವೆಯಲ್ಲಿ ಹನಿಯಾಗಿ ಕೂತಿರುತ್ತದೆ. ಆ ಹನಿ ಸದ್ದಿನ ದಾರಿಯನ್ನೇ ಮುಚ್ಚುತ್ತದೆ. ಕೊಳವೆ ಬಿಚ್ಚಿ ಗಾಳಿ ಊದುವ ಸಣ್ಣ ಬಲ್ಬ್‌ನಿಂದ ಊದಿದರೆ ಸರಿಹೋಗುತ್ತದೆ. ಇಲ್ಲದಿದ್ದರೆ ಸೆಲ್ ಮುಗಿದಿರುತ್ತದೆ. ಫ್ಯಾನ್ ವಿಷಯವೂ ಅಷ್ಟೇ, ಆ ಸೆಕೆಯಲ್ಲಿ ಪೂರಾ ಬಂದ್ ಮಾಡಿ ಅನ್ನಲಾರೆ. ಕೇಳಿಸಿಕೊಳ್ಳುವ ಪಾಠದ ಸ್ವಲ್ಪ ಹೊತ್ತಾದರೂ ಬಂದ್ ಮಾಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ತೀನ್ ತಾಳ. 16 ಮಾತ್ರೆ. ಇಲ್ಲಿ ಕೂತಿರುವ ಮೇಷ್ಟ್ರುಗಳಿಗೆಲ್ಲ ಬಾಯಿಪಾಠ:

ಧಾ ಧಿಂ ಧಿಂ ಧಾ | ಧಾ ಧಿಂ ಧಿಂ ಧಾ | ಧಾ ತಿಂ ತಿಂ ತಾ | ತಾ ಧಿಂ ಧಿಂ ಧಾ

ಧಾ, ಧಿಂ ಅಂದರೆ ಎರಡೂ ಕೈ, ಡಗ್ಗಾ ಗೂಂಜುತ್ತದೆ. ತಿಂ, ತಾ ಅಂದರೆ ಬಲಗೈ ಮಾತ್ರ, ಡಗ್ಗಾ ಸುಮ್ನೆ ಇರುತ್ತದೆ. ಅಂದರೆ ಈ ಠೇಕಾದಲ್ಲಿ ಒಂದು ಕಡೆ ಮಾತ್ರ ಕಂಪನ ನಿಲ್ಲುತ್ತದೆ, ಆಮೇಲೆ ಮತ್ತೆ ಬರುತ್ತದೆ. ಡಗ್ಗಾಕ್ಕೆ ಬೆರಳು ಇಟ್ಟ ಮಗುವಿಗೆ ಆವರ್ತನದ, ಅಂದರೆ ತಾಳದ ಒಂದು ಪೂರಾ ಸುತ್ತಿನ, ಆಕಾರವೇ ಕೈಗೆ ಸಿಗುತ್ತದೆ. ಕೆಹರವಾ ಸುಲಭ, 8 ಮಾತ್ರೆ ಅಷ್ಟೇ, ಅದರಿಂದಲೇ ಶುರು ಮಾಡೋಣ ಅನ್ನುವವರಿದ್ದಾರೆ. ಕಿವಿಗೆ ಅದು ಸುಲಭ, ಕೈಗೆ ಅಲ್ಲ. ಧಾ ಗೆ ನಾ ತಿ | ನಾ ಕ ಧಿ ನ ಇದರಲ್ಲಿ ಡಗ್ಗಾ ಗೂಂಜುವುದು 1, 2 ಮತ್ತು 7ರಲ್ಲಿ. ಉಳಿದೆಲ್ಲ ಖಾಲಿ ಖಾಲಿ. ಕೈಗೆ ಅದು ಚೂರುಚೂರಾಗಿ ಬರುತ್ತದೆ, ಎಲ್ಲಿ ಶುರು ಎಲ್ಲಿ ಮುಗೀತು ತಿಳಿಯುವುದಿಲ್ಲ. ತೀನ್ ತಾಳ ಉದ್ದವಾದರೂ ಅದರಲ್ಲಿ ಒಂದೇ ದೊಡ್ಡ ಬಿಡುವು.

ಮೊದಲ ಹಂತದಲ್ಲಿ ತಾಳವೇ ಬೇಡ. ನಾನು ಡಗ್ಗಾ ಒಮ್ಮೆ ಬಾರಿಸುತ್ತೇನೆ, ಬಂತು ಅಂದರೆ ಅವಳು ಇನ್ನೊಂದು ಕೈ ಎತ್ತಬೇಕು. ನಡುನಡುವೆ ಕೈ ಬೀಸಿ ಬಾರಿಸದೆ ಬಿಡುತ್ತೇನೆ. ಬಾರಿಸದಿದ್ದರೂ ಕೈ ಎತ್ತಿದರೆ ಅವಳು ನನ್ನ ಕೈ ನೋಡುತ್ತಿದ್ದಾಳೆ, ಕಂಪನ ಗಮನಿಸುತ್ತಿಲ್ಲ ಅಂತ ಅರ್ಥ. ಆಮೇಲೆ ಎರಡರಲ್ಲಿ ಒಂದು ಆರಿಸುವುದು, ಧಾ ಅಥವಾ ತಾ. ಅವಳ ಮುಂದೆ ಎರಡು ಕಾರ್ಡ್, ಒಂದರಲ್ಲಿ ತುಂಬಿದ ವೃತ್ತ, ಇನ್ನೊಂದರಲ್ಲಿ ಬರೀ ಗೆರೆಯ ವೃತ್ತ. ನಾನು ಒಂದು ಬಾರಿಸುತ್ತೇನೆ, ಅವಳು ಕಾರ್ಡ್ ಮುಟ್ಟುತ್ತಾಳೆ.

ಇದು ಗಟ್ಟಿಯಾದ ಮೇಲೆ ಜಮಖಾನ ಸರಿಸಿ ಅದೇ ಶಹಾಬಾದ್ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ 16 ವೃತ್ತ ಬರೆದೆವು, ನಾಲ್ಕು ನಾಲ್ಕರ ನಾಲ್ಕು ಸಾಲು. 1ರಿಂದ 9ರವರೆಗೆ ತುಂಬಿದ ವೃತ್ತ. 10, 11, 12, 13 ಖಾಲಿ. 14, 15, 16 ಮತ್ತೆ ತುಂಬಿದ್ದು. ಮೊದಲು ಬೆರಳಿನಿಂದ ಒಂದೊಂದೇ ಮುಟ್ಟುತ್ತಾ ಹೋಗುವುದು, ಆಮೇಲೆ ಹೆಜ್ಜೆ ಇಡುತ್ತಾ ನಡೆಯುವುದು. ವೇಗ ನಿಮಿಷಕ್ಕೆ 60ರಿಂದ 80 ಮಾತ್ರೆ. ಅದಕ್ಕಿಂತ ಜೋರಾದರೆ ಒಂದು ಪೆಟ್ಟಿನ ಗೂಂಜು ಆರುವ ಮೊದಲೇ ಇನ್ನೊಂದು ಬಂದು ಕೈಗೆ ಎಲ್ಲ ಒಂದೇ ಅನಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನ ಕೊಡಿ. ತಾಳ ಹಾಕುವಾಗ ಚಪ್ಪಾಳೆ ಬಿಟ್ಟು ಕೈ ಬೀಸುವ ಜಾಗಕ್ಕೆ ಖಾಲಿ ಅನ್ನುತ್ತೇವೆ, ತೀನ್ ತಾಳದಲ್ಲಿ ಅದು 9ನೇ ಮಾತ್ರೆಗೆ. ಆದರೆ ಡಗ್ಗಾ ನಿಲ್ಲುವುದು 10ಕ್ಕೆ, ಯಾಕಂದರೆ 9ರಲ್ಲಿ ಇನ್ನೂ ಧಾ ಇದೆ. ಡಗ್ಗಾ ವಾಪಸ್ ಬರುವುದೂ ನಾಲ್ಕನೇ ವಿಭಾಗದ ಚಪ್ಪಾಳೆ ಬೀಳುವ 13ಕ್ಕೆ ಅಲ್ಲ, 14ಕ್ಕೆ. ಕೈಯಲ್ಲಿ ಕಂಪನ ಹಿಡಿದು ಲೆಕ್ಕ ಹಾಕುವ ಮಗು ಖಾಲಿಯನ್ನು ಒಂದು ಮಾತ್ರೆ ತಡವಾಗಿ ತೋರಿಸುತ್ತದೆ. ನಮ್ಮ ಹುಡುಗಿಯೂ ಹಾಗೇ ಮಾಡಿದಳು, ಪ್ರತಿ ಸಲ ಸರಿಯಾಗಿ 10ಕ್ಕೆ ಕೈ ಬೀಸುತ್ತಿದ್ದಳು. ನೋಡಿದವರು ತಾಳ ತಪ್ಪುತ್ತಿದೆ ಅಂದರು. ಅದು ತಪ್ಪಲ್ಲ ಸ್ವಾಮಿ! ಅವಳ ಬೆರಳು ಅಷ್ಟು ನಿಖರವಾಗಿ ಓದುತ್ತಿತ್ತು. ಮನಸ್ಸಿಗೆ ಬಂದಲ್ಲಿ ಬೀಸುವ ಮಗು ಒಮ್ಮೆ 8ಕ್ಕೆ, ಒಮ್ಮೆ 11ಕ್ಕೆ ಬೀಸುತ್ತದೆ. ಪ್ರತಿ ಸಲ ಒಂದೇ ಕಡೆ ಬೀಸಿದರೆ ಕಾರಣ ಹುಡುಕಬೇಕು.

ದಾರಿ ಸುಲಭ. ಶುರುವಿನ ಕೆಲವು ವಾರ 9ನೇ ಮಾತ್ರೆಗೆ ಧಾ ಬಿಟ್ಟು ನಾ ಬಾರಿಸಿ, ನಾ ತಿಂ ತಿಂ ತಾ ಅಂತ. ಹಾಗೆ ಬಾರಿಸುವ ರೂಢಿಯೂ ಇದೆ, ಹೊಸದೇನಲ್ಲ. ಆಗ ಬೀಸುವ ಕೈ ಮತ್ತು ನಿಲ್ಲುವ ಕಂಪನ ಒಟ್ಟಿಗೆ ಬರುತ್ತವೆ. ಅದು ಮೈಗೆ ಹತ್ತಿದ ಮೇಲೆ ಧಾ ವಾಪಸ್ ತಂದು, ಖಾಲಿಯ ಮೊದಲ ಪೆಟ್ಟು ತುಂಬಿರುತ್ತದೆ ಅಂತ ನೆಲದ ಮೇಲಿನ ವೃತ್ತದಲ್ಲೇ ತೋರಿಸಿ. ಇನ್ನು 14ರಲ್ಲಿ ಡಗ್ಗಾ ವಾಪಸ್ ಬರುತ್ತದಲ್ಲ, ಅದೇ ಅವಳಿಗೆ ದೊಡ್ಡ ಗುರುತು. ಬಂತು ಅಂದರೆ 14, 15, 16, ಆಮೇಲೆ ಸಮ್, ಅಂದರೆ ಮುಂದಿನ ಆವರ್ತನದ ಮೊದಲ ಮಾತ್ರೆ. ತಯಾರಾಗಲು ಮೂರು ಮಾತ್ರೆ ಸಿಗುತ್ತದೆ.

ಅವಳು ನಿಜವಾಗಿ ಕಲಿತಿದ್ದಾಳಾ, ಅಥವಾ ನಿಮ್ಮನ್ನು ನೋಡಿ ಮಾಡುತ್ತಿದ್ದಾಳಾ ಅಂತ ತಿಳಿಯುವುದು ಹೇಗೆ? ಈ ಮಕ್ಕಳ ಕಣ್ಣು ಬಹಳ ಚುರುಕು. ನಿಮ್ಮ ಗಲ್ಲ, ಭುಜ, ಉಸಿರು ಎಲ್ಲ ಓದುತ್ತಾರೆ. ಪಾಠದಲ್ಲಿ ಅದು ಬೇಕು, ಅದಕ್ಕೇ ಕಿಟಕಿಗೆ ಬೆನ್ನು ಕೊಟ್ಟು ಕೂರಬೇಡಿ, ಮುಖದ ಮೇಲೆ ಬೆಳಕು ಬೀಳಲಿ. ಆದರೆ ಪರೀಕ್ಷೆಗೆ ಅದು ಅಡ್ಡ. ನೋಡಿ ಮಾಡುವ ಮಗು ಯಾವಾಗಲೂ ಕೂದಲೆಳೆಯಷ್ಟು ತಡ, ಪೆಟ್ಟಿನ ಹಿಂದೆ ಬರುತ್ತದೆ. ತಾಳ ಒಳಗೆ ಇಳಿದ ಮಗು ಸಮ್‌ಗೆ ಪೆಟ್ಟಿನ ಜೊತೆಗೇ ಬರುತ್ತದೆ. ಇನ್ನೂ ಖಾತ್ರಿ ಬೇಕು ಅಂದರೆ ಎರಡು ಆವರ್ತನ ಬಾರಿಸಿ, ಒಂದು ಆವರ್ತನ ಪೂರಾ ಕೈ ಎತ್ತಿ ಸುಮ್ನೆ ಕೂತುಬಿಡಿ. ತಲೆ ಆಡಿಸಬೇಡಿ, ಕಣ್ಣಿನಲ್ಲೂ ಸನ್ನೆ ಬೇಡ. ಅವಳು ತನ್ನಷ್ಟಕ್ಕೆ ತಾಳ ಹಾಕುತ್ತಾ ಹೋಗಿ, ಮುಂದಿನ ಸಮ್‌ಗೆ ನಿಮ್ಮ ಧಾ ಜೊತೆ ಕೂಡಬೇಕು. ಮೊದಮೊದಲು ಈ ಹುಡುಗಿ ಮೌನದಲ್ಲಿ ಓಡುತ್ತಿದ್ದಳು, 14ನೇ ಮಾತ್ರೆಯ ಹೊತ್ತಿಗೇ ಸಮ್ ಹೊಡೆಯುತ್ತಿದ್ದಳು. ಅದಕ್ಕೆ ಮೌನವನ್ನು ನಾಲ್ಕು ಮಾತ್ರೆಗೆ ಇಳಿಸಿ, ಆಮೇಲೆ ಎಂಟಕ್ಕೆ, ಹೀಗೆ ಏರಿಸಿದೆವು. ಈಗ ಒಂದು ಆವರ್ತನದ ಮೌನ ಅವಳಿಗೆ ಕಷ್ಟವಲ್ಲ.

ಇನ್ನು ಸ್ವರ. ಇದನ್ನು ಚುಟುಕಾಗಿ ಹೇಳುತ್ತೇನೆ, ಯಾಕಂದರೆ ಇಲ್ಲಿ ಪ್ರತಿ ಮಗುವಿನ ಆಡಿಯೋಗ್ರಾಮ್ ಬೇರೆ ದಾರಿ ತೋರಿಸುತ್ತದೆ. ಈ ಹುಡುಗಿಗೆ ಉಳಿದಿರುವುದು 500 ಹರ್ಟ್ಜ್ ಕೆಳಗೆ. ಹಾಗಾಗಿ ಅವಳ ಷಡ್ಜವನ್ನು ಕೆಳಗೆ ಇಟ್ಟೆವು, ಹಾರ್ಮೋನಿಯಂನ ಕಪ್ಪು 4ಕ್ಕೆ, ಅಂದರೆ ಸುಮಾರು 208 ಹರ್ಟ್ಜ್. ತಾರ ಷಡ್ಜ ಸುಮಾರು 415. ಇಡೀ ಮಧ್ಯ ಸಪ್ತಕ ಅವಳ ಕಿವಿ ಚೆನ್ನಾಗಿರುವ ಜಾಗದಲ್ಲೇ ಕೂರುತ್ತದೆ. ರಾಗ ಭೂಪ್. ಅದರಲ್ಲಿ ಐದೇ ಸ್ವರ, ಪಕ್ಕಪಕ್ಕದ ಸ್ವರಗಳ ಅಂತರವೂ ದೊಡ್ಡದು, ಕೋಮಲ ರಿಷಭದ ಹಾಗೆ ಷಡ್ಜಕ್ಕೆ ಅಂಟಿಕೊಂಡ ಸ್ವರ ಇಲ್ಲ.

ಕೇಳುವ ಪಾಠ ಹೀಗೆ: ಎರಡು ಸ್ವರ ನುಡಿಸುತ್ತೇನೆ, ಒಂದೇ ಇವೆಯಾ ಬೇರೆಯಾ ಹೇಳಬೇಕು. ಮೊದಲು ಷಡ್ಜ ಮತ್ತು ತಾರ ಷಡ್ಜ, ಆಮೇಲೆ ಷಡ್ಜ ಪಂಚಮ, ಆಮೇಲೆ ಷಡ್ಜ ಗಾಂಧಾರ. 10 ಸಲದಲ್ಲಿ ಕಣ್ಣು ಮುಚ್ಚಿ ಊಹೆ ಮಾಡಿದರೂ 5 ಸರಿ ಬರುತ್ತದೆ, ಹಾಗಾಗಿ 6 ಬಂದರೆ ಖುಷಿಪಡುವ ಹಾಗಿಲ್ಲ. 8 ಅಥವಾ 9 ಬರಬೇಕು, ಅದೂ ಬೇರೆ ಬೇರೆ ದಿನ. ನಿಮ್ಮ ಬೆರಳು ಕಾಣದ ಹಾಗೆ ಹಾರ್ಮೋನಿಯಂ ಮುಂದೆ ಒಂದು ರಟ್ಟು ಇಡಿ. ಗಾಳಿ ತುಂಬುವ ಭಾತೆಯನ್ನು ಒಮ್ಮೆ ಜೋರು ಒಮ್ಮೆ ಮೆಲ್ಲಗೆ ಹಾಕಿ, ಇಲ್ಲದಿದ್ದರೆ ಯಾವುದು ಜೋರು ಅಂತ ನೋಡಿ ಉತ್ತರ ಹೇಳುತ್ತಾಳೆ. ಹಾಡುವಾಗ ಮೊಬೈಲಿನ ಟ್ಯೂನರ್ ಆ್ಯಪ್ ಒಳ್ಳೆಯದು, ಮುಳ್ಳು ನಡುವೆ ನಿಂತರೆ ಸ್ವರ ಸರಿ. ಆದರೆ ಮೊದಲು ಹಾಡಲಿ, ಸ್ವರ ನಿಂತ ಮೇಲೆ ಪರದೆ ತೋರಿಸಿ. ಮೊದಲೇ ತೋರಿಸಿದರೆ ಮುಳ್ಳಿನ ಹಿಂದೆ ದನಿ ಓಡುತ್ತದೆ, ಕಿವಿ ಕೆಲಸ ನಿಲ್ಲಿಸುತ್ತದೆ.

ಒಂದು ದಿನ ಅವಳು "ಸರ್, ಪೆಟ್ಟಿಗಿ ಸೌಂಡ್ ಮೊದಲ ಬಂತರಿ, ಆಮೇಲೆ ತಾನೇ ಹೋತು" ಅಂದಳು. ನಾನು ಷಡ್ಜ ಹಿಡಿದೇ ಇದ್ದೆ, ನಿಲ್ಲಿಸಿರಲಿಲ್ಲ. ಇದು ಮಷಿನ್ ಮಾಡುವ ಕೆಲಸ. ಅದನ್ನು ಮಾತಿಗಾಗಿ ಸಜ್ಜು ಮಾಡಿರುತ್ತಾರೆ. ಒಂದೇ ಸಮ ಬರುವ ಸದ್ದನ್ನು ಅದು ಫ್ಯಾನಿನ ಗದ್ದಲ ಅಂದುಕೊಂಡು ಕೆಲವು ಕ್ಷಣದಲ್ಲಿ ತಗ್ಗಿಸಿಬಿಡುತ್ತದೆ. ತಂಬೂರಿ, ಹಾರ್ಮೋನಿಯಂ ಎರಡಕ್ಕೂ ಇದೇ ಗತಿ. ಕೆಲವು ಸಲ ಉದ್ದ ಸ್ವರವನ್ನು ಸೀಟಿ ಅಂದುಕೊಂಡು ತಡೆಯಲು ಹೋಗುತ್ತದೆ, ಆಗ ಸ್ವರ ನಡುಗಿದ ಹಾಗೆ ಕೇಳುತ್ತದೆ. ಮಗು ಹೀಗೆ ಹೇಳಿದರೆ ಅದರ ಮಾತನ್ನೇ ಹಾಗ್‌ಹಾಗೇ ಬರೆದು ಆಡಿಯೋಲಜಿಸ್ಟ್ ಹತ್ತಿರ ಒಯ್ಯಿರಿ. ಸಂಗೀತಕ್ಕೆ ಬೇರೆಯೇ ಪ್ರೋಗ್ರಾಂ ಹಾಕಿಕೊಡಿ, ಅದರಲ್ಲಿ ಗದ್ದಲ ತಗ್ಗಿಸುವುದು ಬಂದ್ ಇರಲಿ, ಸೀಟಿ ತಡೆಯುವುದು ಕಡಿಮೆ ಇರಲಿ ಅಂತ ಕೇಳಿ. ಡಿಜಿಟಲ್ ಮಷಿನ್ ಬಹಳಷ್ಟರಲ್ಲಿ ಇದು ಆಗುತ್ತದೆ. ಕೇಳುತ್ತಿಲ್ಲ ಅಂತ ನೀವು ವಾದ್ಯದ ಸದ್ದು ಏರಿಸಬೇಡಿ. ಒಳಗಿವಿಯ ತೊಂದರೆ ಇರುವ ತುಂಬಾ ಮಕ್ಕಳಿಗೆ ಮೆಲ್ಲಗಿದ್ದರೆ ಕೇಳುವುದಿಲ್ಲ, ಸ್ವಲ್ಪ ಜೋರಾದರೆ ನೋವು, ನಡುವಿನ ಜಾಗ ಬಹಳ ಸಣ್ಣದು. ಕಣ್ಣು ಪಿಳುಕಿಸಿದರೆ, ಕೈ ಮಷಿನ್ ಕಡೆ ಹೋದರೆ, ಜಾಸ್ತಿ ಆಯಿತು ಅಂತ ತಿಳಿಯಿರಿ.

ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಗುವಿಗೂ ಇದೇನಾ ಅಂತ ಒಬ್ಬರು ಕೇಳಿದರು. ತಾಳದ ಪಾಠ ಇದೇ. ಇಂಪ್ಲಾಂಟ್‌ನಲ್ಲಿ ಲಯ ಚೆನ್ನಾಗಿ ಸಿಗುತ್ತದೆ, ಸ್ವರದ ಸೂಕ್ಷ್ಮ ಮಾತ್ರ ಬಹಳ ಒರಟಾಗಿ ಸಿಗುತ್ತದೆ. ಹಾಗಾಗಿ ಸ್ವರದ ಪಾಠದಲ್ಲಿ ಇನ್ನೂ ದೊಡ್ಡ ಅಂತರದಿಂದ, ಇನ್ನೂ ನಿಧಾನವಾಗಿ ಹೋಗಬೇಕು.

ಮನೆಯಲ್ಲಿ ಡಗ್ಗಾ ಇಲ್ಲವಲ್ಲ, ಏನು ಮಾಡೋಣ ಅಂತ ಹಿಂದೆ ಕೂತ ಅಕ್ಕ ಒಬ್ಬರು ಕೇಳಿದರು. ಸ್ಟೀಲ್ ಕೊಡ ಬೋರಲು ಹಾಕಿ ಬಾರಿಸಬೇಡಿ, ಅದರ ಸದ್ದು ಮೇಲಿನ ಶ್ರುತಿಯದು. ನೀರಿನ 20 ಲೀಟರ್ ಖಾಲಿ ಕ್ಯಾನ್ ಇರುತ್ತದಲ್ಲ, ಅದನ್ನು ಮಗುವಿನ ತೊಡೆಯ ಮೇಲೆ ಅಡ್ಡ ಮಲಗಿಸಿ, ಮಗುವಿನ ಒಂದು ಕೈ ಕ್ಯಾನಿಗೆ ಹಗುರವಾಗಿ ತಾಗಿರಲಿ. ಧಾ, ಧಿಂ ಬಂದಲ್ಲೆಲ್ಲ ನೀವು ಅಂಗೈಯಿಂದ ಕ್ಯಾನಿಗೆ ಹೊಡೆಯಿರಿ, ತಿಂ, ತಾ ಬಂದಲ್ಲಿ ನಿಮ್ಮ ತೊಡೆಗೆ. ಮೊಬೈಲಿನಲ್ಲಿ ತಬಲಾ ಹಾಕಿ ಸಣ್ಣ ಬ್ಲೂಟೂತ್ ಸ್ಪೀಕರ್ ಕೈಗೆ ಕೊಡುವುದಕ್ಕಿಂತ ಇದು ಎಷ್ಟೋ ಮೇಲು. ಆ ಸ್ಪೀಕರಿನಲ್ಲಿ ಡಗ್ಗಾದ ಕೆಳಗಿನ ಗೂಂಜು ಸರಿಯಾಗಿ ಬರುವುದೇ ಇಲ್ಲ, ಜೊತೆಗೆ ಸದ್ದು ಸ್ವಲ್ಪ ತಡವಾಗಿಯೂ ಬರಬಹುದು. ದಿನಕ್ಕೆ 10 ನಿಮಿಷ ಸಾಕು, ಅದರಲ್ಲೂ ನಡುನಡುವೆ ಕೈ ತೆಗೆಸಿ, ಯಾಕಂದರೆ ಕಂಪನ ಒಂದೇ ಸಮ ತಾಗುತ್ತಿದ್ದರೆ ಚರ್ಮ ಅದಕ್ಕೆ ಒಗ್ಗಿಹೋಗಿ ತಿಳಿಯುವುದು ಕಡಿಮೆಯಾಗುತ್ತದೆ. ಎರಡು ಮೂರು ಆವರ್ತನ, ಸ್ವಲ್ಪ ಬಿಡುವು, ಮತ್ತೆ ಎರಡು ಮೂರು.